ಗ್ರಹಣದ ಕನ್ನಡಕ: ಕಪ್ಪಾಗಿದ್ದರೆ ಸಾಕಾ?

ಸೂರ್ಯಗ್ರಹಣ ಬಂದಾಗಲೆಲ್ಲ ನಮ್ಮಲ್ಲಿ ಎರಡು ಗುಂಪುಗಳಾಗುತ್ತವೆ. ಒಂದು ಗುಂಪು ಬಾಗಿಲು ಹಾಕಿಕೊಂಡು, ದರ್ಬೆ ಇಟ್ಟುಕೊಂಡು ಒಳಗೆ ಕೂರುತ್ತದೆ. ಇನ್ನೊಂದು ಗುಂಪು ಬಯಲಿಗೆ ಬಂದು, ಉಪ್ಪಿಟ್ಟು ತಿನ್ನುತ್ತಾ ಆಕಾಶ ನೋಡುತ್ತದೆ. ನಾನು ಎರಡನೇ ಗುಂಪಿನವನು. ಶಾಲೆ, ಕಾಲೇಜುಗಳ ಮೈದಾನದಲ್ಲಿ ಗ್ರಹಣ ತೋರಿಸುವ ಕಾರ್ಯಕ್ರಮಗಳಲ್ಲಿ ಕನ್ನಡಕ ಹಂಚುವ ಕೆಲಸ ಮಾಡಿದ್ದೇನೆ. ಅಲ್ಲಿ ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ರಾಹು, ಕೇತುವಿನದ್ದಲ್ಲ. 'ಸರ್, ನನ್ನ ಕೂಲಿಂಗ್ ಗ್ಲಾಸ್ ಫುಲ್ ಬ್ಲ್ಯಾಕ್ ಇದೆ, ಇದರಲ್ಲೇ ನೋಡಬಹುದಲ್ವಾ?' ಅನ್ನೋದು.

ನೋಡಬಾರದು. ಯಾಕೆ ಅಂತ ಒಂದೇ ಸಾಲಿನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. 'ದೊಡ್ಡವರು ಹೇಳಿದ್ದಾರೆ, ಸುಮ್ಮನಿರು' ಅನ್ನೋ ವಾದವನ್ನು ವಿರೋಧಿಸುವವರು ನಾವು. ಹಾಗಾಗಿ ಲೆಕ್ಕ ಹಾಕಿಯೇ ನೋಡೋಣ.

ಕಣ್ಣಿಗೆ ಏನಾಗುತ್ತದೆ

ಗ್ರಹಣದ ದಿನ ಸೂರ್ಯನಿಂದ ಯಾವ ಹೊಸ ವಿಷಕಿರಣವೂ ಬರುವುದಿಲ್ಲ. ನಿನ್ನೆ ಇದ್ದ ಬೆಳಕೇ ಇವತ್ತೂ ಇರುತ್ತದೆ. ಬದಲಾಗುವುದು ನಮ್ಮ ನಡವಳಿಕೆ ಮಾತ್ರ. ಬೇರೆ ದಿನ ಸೂರ್ಯನ ಕಡೆ ಕಣ್ಣು ಹೋದರೆ ರೆಪ್ಪೆ ತಾನಾಗೇ ಮುಚ್ಚುತ್ತದೆ, ಮುಖ ತಿರುಗುತ್ತದೆ. ಗ್ರಹಣದ ದಿನ ನಾವು ಆ ಪ್ರತಿಕ್ರಿಯೆಯನ್ನು ಹತ್ತಿಕ್ಕಿ ಬೇಕಂತಲೇ ದಿಟ್ಟಿಸುತ್ತೇವೆ.

ಹಾಗೆ ದಿಟ್ಟಿಸಿದಾಗ ಕಣ್ಣಿನ ಮಸೂರ ಸೂರ್ಯನ ಪುಟ್ಟ ಬಿಂಬವನ್ನು ರೆಟಿನಾದ ನಟ್ಟನಡುವೆ ಮೂಡಿಸುತ್ತದೆ. ನಾವು ಓದುವುದು, ಮುಖ ಗುರುತು ಹಿಡಿಯುವುದು ಎಲ್ಲ ಆ ಪುಟ್ಟ ಜಾಗದಿಂದಲೇ. ಅಲ್ಲಿನ ಜೀವಕೋಶಗಳಲ್ಲಿ ಬೆಳಕು ರಾಸಾಯನಿಕ ಹಾನಿ ಮಾಡುತ್ತದೆ. ಇನ್‌ಫ್ರಾರೆಡ್ ಶಾಖ ಜೊತೆ ಸೇರಿದರೆ ಅದು ಇನ್ನಷ್ಟು ಹೆಚ್ಚುತ್ತದೆ. ರೆಟಿನಾಗೆ ನೋವು ಗೊತ್ತಾಗುವ ನರಗಳಿಲ್ಲ. ಹಾಗಾಗಿ ಹಾನಿಯಾಗುವ ಹೊತ್ತಿನಲ್ಲಿ ಏನೂ ಅನಿಸುವುದಿಲ್ಲ. ಕೆಲವು ಗಂಟೆಗಳ ನಂತರ, ಎಷ್ಟೋ ಸಲ ಮಾರನೇ ದಿನ ಬೆಳಿಗ್ಗೆ, ಕಣ್ಣ ಮುಂದೆ ನಡುವಿನಲ್ಲೇ ಒಂದು ಕಲೆ ಕಾಣಿಸುತ್ತದೆ, ನೇರ ಗೆರೆಗಳು ಸೊಟ್ಟಗೆ ಕಾಣುತ್ತವೆ. ಇದಕ್ಕೆ ಖಚಿತ ಚಿಕಿತ್ಸೆ ಅಂತ ಇಲ್ಲ. ಹಲವರಿಗೆ ತಿಂಗಳುಗಳಲ್ಲಿ ಸುಧಾರಿಸುತ್ತದೆ, ಕೆಲವರಿಗೆ ಕಲೆ ಉಳಿದೇ ಬಿಡುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ: ಚಂದ್ರ ಮುಕ್ಕಾಲು ಭಾಗ ಮುಚ್ಚಿದ ಮೇಲೆ ಸೂರ್ಯ 'ತಣ್ಣಗಾಗುತ್ತಾನೆ' ಅನ್ನೋದು. ಊರಿನ ಮೇಲೆ ಬೀಳುವ ಒಟ್ಟು ಬೆಳಕು ಕಡಿಮೆಯಾಗುವುದು ನಿಜ. ಆದರೆ ಉಳಿದ ತುಣುಕಿನ ಪ್ರಖರತೆ ಒಂಚೂರೂ ಕಡಿಮೆಯಾಗಿರುವುದಿಲ್ಲ. ರೆಟಿನಾದ ಮೇಲೆ ಬೀಳುವ ಬಿಂಬ ಗುಂಡಗಿರುವ ಬದಲು ಕುಡುಗೋಲಿನಂತಿರುತ್ತದೆ, ಅಷ್ಟೇ ವ್ಯತ್ಯಾಸ. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆ ಕಂಡ ಕಂಕಣ ಗ್ರಹಣದಲ್ಲಿ ಉಂಗುರದಷ್ಟೇ ಸೂರ್ಯ ಉಳಿದಿದ್ದರೂ ಒಂದು ಕ್ಷಣವೂ ಬರಿಗಣ್ಣಲ್ಲಿ ನೋಡುವ ಹಾಗಿರಲಿಲ್ಲ. ಬರಿಗಣ್ಣಲ್ಲಿ ನೋಡಬಹುದಾದದ್ದು ಖಗ್ರಾಸ ಗ್ರಹಣದಲ್ಲಿ ಸೂರ್ಯ ಪೂರ್ತಿ ಮುಚ್ಚಿದ ಆ ಕೆಲವು ನಿಮಿಷಗಳನ್ನು ಮಾತ್ರ.

ಕೂಲಿಂಗ್ ಗ್ಲಾಸಿನ ಲೆಕ್ಕ

ಗ್ರಹಣದ ಕನ್ನಡಕಕ್ಕೆ ಅಂತಾರಾಷ್ಟ್ರೀಯ ಮಾನದಂಡವೊಂದಿದೆ. ಅದರ ಸಂಖ್ಯೆ ಐಎಸ್‌ಒ 12312-2. ಅದರ ಪ್ರಕಾರ ಫಿಲ್ಟರ್ ಹೆಚ್ಚೆಂದರೆ ಶೇ. 0.0032ರಷ್ಟು ಬೆಳಕನ್ನು ಒಳಗೆ ಬಿಡಬಹುದು. ಅಂದರೆ 31 ಸಾವಿರ ಪಾಲಿನಲ್ಲಿ ಒಂದು ಪಾಲು.

ಈಗ ಕೂಲಿಂಗ್ ಗ್ಲಾಸ್ ತಗೊಳ್ಳಿ. ಬಿಸಿಲಿಗೆ ಹಾಕಿಕೊಳ್ಳುವ ಸಾಮಾನ್ಯ ಗಾಢ ಗ್ಲಾಸ್ ಶೇ. 8ರಿಂದ 18ರಷ್ಟು ಬೆಳಕು ಬಿಡುತ್ತದೆ. ಶೇ. 10 ಅಂತ ಇಟ್ಟುಕೊಳ್ಳೋಣ. ಹತ್ತರಲ್ಲಿ ಒಂದು ಪಾಲು. ಇದು ಮಾನದಂಡದ ಮಿತಿಗಿಂತ ಸುಮಾರು 3 ಸಾವಿರ ಪಟ್ಟು ಹೆಚ್ಚು. ಎರಡು ಕೂಲಿಂಗ್ ಗ್ಲಾಸ್ ಒಂದರ ಮೇಲೊಂದು ಹಾಕಿದರೆ ಶೇ. 1 ಆಗುತ್ತದೆ, ಆಗಲೂ ಮಿತಿಗಿಂತ 300 ಪಟ್ಟು ಹೆಚ್ಚು. 'ಬಹಳ ಕಪ್ಪು' ಅಂತ ನಮಗೆ ಅನಿಸುವುದಕ್ಕೂ ಸೂರ್ಯನಿಗೆ ಬೇಕಾದ ಕಪ್ಪಿಗೂ ನಡುವಿನ ಅಂತರ ಇದು.

ಇಲ್ಲೊಂದು ಮೋಸವೂ ಇದೆ. ಕೂಲಿಂಗ್ ಗ್ಲಾಸ್ ಹಾಕಿದಾಗ ಕಣ್ಣಿಗೆ ಕತ್ತಲಾಯಿತು ಅನಿಸಿ ಪಾಪೆ ಅಗಲವಾಗುತ್ತದೆ, ಮುಖ ತಿರುಗಿಸುವ ಒತ್ತಡವೂ ಕಡಿಮೆಯಾಗುತ್ತದೆ. ಬರಿಗಣ್ಣಲ್ಲಿ ಒಂದು ಸೆಕೆಂಡೂ ನೋಡಲಾಗದವರು ಗ್ಲಾಸ್ ಹಾಕಿಕೊಂಡು ಐದು ಸೆಕೆಂಡ್ ನೋಡುತ್ತಾರೆ. ಕೆಲವು ಸಲ ಕೂಲಿಂಗ್ ಗ್ಲಾಸ್ ಹಾಕಿರುವುದೇ ಹೆಚ್ಚು ಹೊತ್ತು ನೋಡಲು ಕಾರಣವಾಗುತ್ತದೆ.

'ನಂದು ಯುವಿ 400 ಗ್ಲಾಸ್' ಅನ್ನುವವರಿಗೆ: ಅದು ಅತಿನೇರಳೆ ಕಿರಣವನ್ನು ತಡೆಯುವ ಭರವಸೆ ಮಾತ್ರ. ಕಣ್ಣಿಗೆ ಕಾಣುವ ಬೆಳಕು, ಇನ್‌ಫ್ರಾರೆಡ್ ಎರಡರ ಬಗ್ಗೆಯೂ ಅದು ಏನೂ ಹೇಳುವುದಿಲ್ಲ. ಇನ್ನೊಂದು ಗಮನಿಸಿ: ಕೂಲಿಂಗ್ ಗ್ಲಾಸಿನ ಮಾನದಂಡದ ಸಂಖ್ಯೆ ಐಎಸ್‌ಒ 12312-1. ಗ್ರಹಣದ ಕನ್ನಡಕದ್ದು 12312-2. ಕೊನೆಯ ಒಂದಂಕಿಯಲ್ಲಿ ಎಲ್ಲ ವ್ಯತ್ಯಾಸವೂ ಇದೆ.

ಇನ್‌ಫ್ರಾರೆಡ್ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ನಂಬಿಸುವುದು ಕಷ್ಟ. ಅದಕ್ಕೆ ನಾನು ಮಕ್ಕಳಿಗೆ ತೋರಿಸುವ ಒಂದು ಪ್ರಯೋಗವಿದೆ. ಟಿವಿ ರಿಮೋಟನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾ ಕಡೆ ಹಿಡಿದು ಬಟನ್ ಒತ್ತಿ. ಬಹುತೇಕ ಫೋನುಗಳಲ್ಲಿ ರಿಮೋಟಿನ ಮೂತಿಯಲ್ಲಿ ಬಿಳಿ ಅಥವಾ ನೇರಳೆ ಬೆಳಕು ಮಿನುಗುತ್ತದೆ. ಅದು ಇನ್‌ಫ್ರಾರೆಡ್. ಈಗ ನಡುವೆ ಕೂಲಿಂಗ್ ಗ್ಲಾಸನ್ನೋ ಹಳೇ ಕಲರ್ ಫೋಟೊ ನೆಗೆಟಿವ್‌ನ ಕಪ್ಪು ತುಂಡನ್ನೋ ಹಿಡಿಯಿರಿ. ನಿಮ್ಮ ಕಣ್ಣಿಗೆ ಕಪ್ಪಾಗಿರುವ ನೆಗೆಟಿವ್ ಮೂಲಕವೂ ರಿಮೋಟಿನ ಬೆಳಕು ಹಾಗೇ ಹಾದು ಬರುವುದು ಕಾಣುತ್ತದೆ. ಕಣ್ಣಿಗೆ ಕಪ್ಪು ಅಂದರೆ ಎಲ್ಲ ಕಿರಣಕ್ಕೂ ಕಪ್ಪು ಅಂತ ಅರ್ಥವಲ್ಲ ಅನ್ನೋದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ. ಎಕ್ಸ್‌ರೇ ಫಿಲ್ಮ್, ಸಿ.ಡಿ., ಮಸಿ ಹಿಡಿಸಿದ ಗಾಜು ಇವೆಲ್ಲ ಒಂದು ಕಡೆ ಗಾಢ, ಇನ್ನೊಂದು ಕಡೆ ತೆಳು. ಎಲ್ಲಿ ಎಷ್ಟು ಬೆಳಕು ಬರುತ್ತದೆ ಅಂತ ಯಾರೂ ಅಳೆದಿರುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ತಟ್ಟೆಗೆ ಸೆಗಣಿ ನೀರನ್ನೋ ಅರಿಶಿನದ ನೀರನ್ನೋ ಹಾಕಿ ಅದರಲ್ಲಿ ಗ್ರಹಣದ ಬಿಂಬ ನೋಡುವ ರೂಢಿ ಇದೆ. ನೀರು ಯಾವುದೇ ಇರಲಿ, ಅದರ ಮೇಲ್ಮೈ ನೆತ್ತಿ ಸೂರ್ಯನ ಬೆಳಕಿನ ಸುಮಾರು ಶೇ. 2ರಷ್ಟನ್ನು ಪ್ರತಿಫಲಿಸುತ್ತದೆ. ಸೂರ್ಯ ಇಳಿದಷ್ಟೂ ಅದು ಹೆಚ್ಚುತ್ತದೆ. ಸೆಗಣಿ ಹಾಕಿದರೆ ತಳದ ಹೊಳಪು ಹೋಗುತ್ತದೆಯೇ ಹೊರತು ಮೇಲ್ಮೈಯ ಪ್ರತಿಫಲನ ಹೋಗುವುದಿಲ್ಲ. ಶೇ. 2 ಅಂದರೆ ಮಿತಿಗಿಂತ 600 ಪಟ್ಟು ಹೆಚ್ಚು. ಅಜ್ಜಿಯ ತಟ್ಟೆಯೂ ಮೊಮ್ಮಗನ ಕೂಲಿಂಗ್ ಗ್ಲಾಸೂ ಈ ವಿಷಯದಲ್ಲಿ ಒಂದೇ.

ವೆಲ್ಡಿಂಗ್ ಗ್ಲಾಸ್: ಸಂಖ್ಯೆ ಕೇಳಿ

'ಹಾಗಾದರೆ ವೆಲ್ಡಿಂಗ್ ಶಾಪಿನಿಂದ ಶೀಲ್ಡ್ ತಂದರಾಯ್ತಲ್ಲ' ಅಂತ ಮುಂದಿನ ಪ್ರಶ್ನೆ ಬರುತ್ತದೆ. ತರಬಹುದು, ಆದರೆ ಯಾವುದನ್ನು ಅನ್ನೋದರಲ್ಲೇ ಎಲ್ಲ ಇದೆ.

ವೆಲ್ಡಿಂಗ್ ಗ್ಲಾಸಿನ ಗಾಢತೆಯನ್ನು ಶೇಡ್ ನಂಬರ್‌ನಲ್ಲಿ ಹೇಳುತ್ತಾರೆ. ನಂಬರ್ ಒಂದು ಏರಿದರೆ ಒಳಗೆ ಬರುವ ಬೆಳಕು ಸುಮಾರು 2.7 ಪಟ್ಟು ಕಡಿಮೆಯಾಗುತ್ತದೆ. ಸೂರ್ಯನನ್ನು ನೋಡಲು ಕನಿಷ್ಠ 12 ಬೇಕು. 12 ಮತ್ತು 14ರ ನಡುವಿನದ್ದು ಸರಿ. 12ರಲ್ಲಿ ನೆತ್ತಿಯ ಮೇಲಿನ ಸೂರ್ಯ ಕೆಲವರಿಗೆ ತುಸು ಹೆಚ್ಚೇ ಪ್ರಖರ ಅನಿಸುತ್ತಾನೆ, 14ರಲ್ಲಿ ಕೆಲವರಿಗೆ ಮಂಕು ಅನಿಸುತ್ತಾನೆ.

ಈಗ ಊರಿನ ಶಾಪಿಗೆ ಹೋಗೋಣ. ಗೇಟು, ಗ್ರಿಲ್ ಮಾಡುವ ವೆಲ್ಡರ್ ಕೈಯಲ್ಲಿರುವ ಶೀಲ್ಡಿನಲ್ಲಿ ಸಾಮಾನ್ಯವಾಗಿ ಇರುವುದು 10 ಅಥವಾ 11ನೇ ನಂಬರ್. ಅದು ಅವರ ತಪ್ಪಲ್ಲ. ಅದಕ್ಕಿಂತ ಕಪ್ಪಾದರೆ ಅವರಿಗೆ ಬೆಸುಗೆಯ ಗೆರೆಯೇ ಕಾಣುವುದಿಲ್ಲ. 10ನೇ ನಂಬರ್ ಸುಮಾರು 7 ಸಾವಿರದಲ್ಲಿ ಒಂದು ಪಾಲು ಬೆಳಕು ಬಿಡುತ್ತದೆ. 12 ಬಿಡುವುದು ಸುಮಾರು 52 ಸಾವಿರದಲ್ಲಿ ಒಂದು. ಅಂದರೆ '10, 12, ಎರಡೇ ನಂಬರ್ ವ್ಯತ್ಯಾಸ' ಅಂತ ಅಂದುಕೊಂಡರೆ ಕಣ್ಣಿಗೆ ಬೀಳುವ ಬೆಳಕು 7 ಪಟ್ಟು ಹೆಚ್ಚಾಗಿರುತ್ತದೆ. 14ಕ್ಕೆ ಹೋಲಿಸಿದರೆ 50 ಪಟ್ಟು. ಗ್ಯಾಸ್ ವೆಲ್ಡಿಂಗಿನ ದುಂಡು ಕನ್ನಡಕದ ಮಾತು ಬಿಡಿ, ಅದು 5ನೇ ನಂಬರಿನ ಆಸುಪಾಸು. 52ರಲ್ಲಿ ಒಂದು ಪಾಲು ಬೆಳಕು ನೇರ ಒಳಗೆ ಬರುತ್ತದೆ.

'ಎರಡು ಗ್ಲಾಸ್ ಸೇರಿಸಿದರೆ?' ಅಂತ ಕೇಳುವ ಹುಡುಗರೂ ಇರುತ್ತಾರೆ. ಶೇಡ್ ನಂಬರುಗಳನ್ನು ಸುಮ್ಮನೆ ಕೂಡಿಸಲು ಬರುವುದಿಲ್ಲ. ಕೂಡಿಸಿ ಒಂದು ಕಳೆಯಬೇಕು. ಎರಡು 5ನೇ ನಂಬರ್ ಸೇರಿದರೆ 10 ಅಲ್ಲ, 9. ಲೆಕ್ಕ ಸರಿಯಾದರೂ, ಶಾಪಿನಲ್ಲಿ ಬಿದ್ದಿರುವ ಗ್ಲಾಸಿನ ಮೇಲೆ ಎಷ್ಟೋ ಸಲ ನಂಬರೇ ಇರುವುದಿಲ್ಲ. ನಂಬರ್ ಇಲ್ಲದ ಗ್ಲಾಸ್ ಎಷ್ಟೇ ಕಪ್ಪಾಗಿರಲಿ, ನಮ್ಮ ಕೆಲಸಕ್ಕೆ ಅದು ಬೇಡ. ಕಿಡಿ ಹಾರಿ ಚುಕ್ಕಿ ಬಿದ್ದ, ಮೂಲೆ ಒಡೆದ ಗ್ಲಾಸೂ ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ '12, 13 ಅಥವಾ 14ನೇ ನಂಬರ್ ವೆಲ್ಡಿಂಗ್ ಗ್ಲಾಸ್' ಅಂತಲೇ ಕೇಳಿ, ಗಾಜಿನ ಮೂಲೆಯಲ್ಲಿ ಅಚ್ಚಾಗಿರುವ ನಂಬರನ್ನೂ ತಯಾರಕರ ಗುರುತನ್ನೂ ನೀವೇ ಓದಿ ತಗೊಳ್ಳಿ. ಪೊಟ್ಟಣದ ಮೇಲಿನ ಸ್ಟಿಕ್ಕರ್ ಸಾಲದು. ಬರಿಯ ಗಾಜನ್ನು ಕೈಯಲ್ಲಿ ಹಿಡಿದರೆ ಅಂಚಿನಿಂದ ಸೂರ್ಯ ಇಣುಕುತ್ತಾನೆ. ಹಾಗಾಗಿ ಶೀಲ್ಡಿಗೆ ಹಾಕಿ, ಇಲ್ಲವೇ ಮುಖ ಮುಚ್ಚುವಷ್ಟು ಅಗಲದ ರಟ್ಟಿಗೆ ಕೂರಿಸಿಕೊಳ್ಳಿ.

ತಾನಾಗೇ ಕಪ್ಪಾಗುವ ಆಟೊ ಡಾರ್ಕ್‌ನಿಂಗ್ ಹೆಲ್ಮೆಟ್ ಮಾತ್ರ ಖಂಡಿತ ಬೇಡ. ಅದು ಸಾಮಾನ್ಯ ಸ್ಥಿತಿಯಲ್ಲಿ 3 ಅಥವಾ 4ನೇ ಶೇಡ್‌ನಲ್ಲಿರುತ್ತದೆ, ವೆಲ್ಡಿಂಗ್ ಕಿಡಿ ಹೊತ್ತಿದ್ದು ಸೆನ್ಸರಿಗೆ ಗೊತ್ತಾದಾಗ ಮಾತ್ರ ಕಪ್ಪಾಗುತ್ತದೆ. ಮಿನುಗದೆ ಒಂದೇ ಸಮನೆ ಉರಿಯುವ ಸೂರ್ಯನನ್ನು ಆ ಸೆನ್ಸರ್ ಗುರುತಿಸುತ್ತದೆ ಅನ್ನೋ ಖಾತ್ರಿ ಇಲ್ಲ.

ಅಚ್ಚಾದ ಸಂಖ್ಯೆಯನ್ನು ಎಷ್ಟು ನಂಬಬಹುದು?

ಉಳಿದದ್ದು ರಟ್ಟಿನ ಗ್ರಹಣ ಕನ್ನಡಕ. ಒಳ್ಳೆಯದರಲ್ಲಿ ಇಂಗಾಲ ಬೆರೆಸಿದ ಕಪ್ಪು ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಲೇಪಿಸಿದ ಪಾಲಿಯೆಸ್ಟರ್ ಹಾಳೆ ಇರುತ್ತದೆ. ಮೊದಲನೆಯದರಲ್ಲಿ ಸೂರ್ಯ ಕಿತ್ತಳೆ ಬಣ್ಣ, ಎರಡನೆಯದರಲ್ಲಿ ನೀಲಿ ಬಿಳುಪು. ಎರಡೂ ಸರಿಯೇ. ಚಿಪ್ಸ್ ಪ್ಯಾಕೆಟ್ಟಿನ ಒಳಪದರವೂ ಹೀಗೇ ಹೊಳೆಯುತ್ತದೆ, ಆದರೆ ಅದರ ಲೇಪನದ ದಪ್ಪಕ್ಕೆ ಯಾರೂ ಜವಾಬ್ದಾರರಲ್ಲ.

ಜವಾಬ್ದಾರಿ ಅನ್ನೋ ಪದವೇ ಇಲ್ಲಿ ಮುಖ್ಯ. 2017ರ ಆಗಸ್ಟ್ 21ರಂದು ಅಮೆರಿಕದ ಉದ್ದಕ್ಕೂ ಖಗ್ರಾಸ ಗ್ರಹಣವಾಯಿತು. ಅದಕ್ಕೆ ಮುಂಚೆ ಅಮೆರಿಕನ್ ಖಗೋಳ ಸಂಘ ಜನರಿಗೆ ಹೇಳುತ್ತಿದ್ದದ್ದು, 'ಐಎಸ್‌ಒ 12312-2 ಅಂತ ಅಚ್ಚಾಗಿದೆಯಾ ನೋಡಿ ಕೊಳ್ಳಿ' ಅಂತ. ಗ್ರಹಣ ಹತ್ತಿರವಾದಂತೆ ಅದೇ ಸಂಖ್ಯೆ ಅಚ್ಚು ಹಾಕಿದ ನಕಲಿ ಕನ್ನಡಕಗಳು ಮಾರುಕಟ್ಟೆಗೆ ಬಂದವು. ಸಂಘ ತನ್ನ ಸಲಹೆಯನ್ನೇ ಬದಲಿಸಬೇಕಾಯಿತು: ಅಚ್ಚನ್ನು ನೋಡಿದರೆ ಸಾಲದು, ಯಾರು ತಯಾರಿಸಿದ್ದು, ಯಾರು ಮಾರಿದ್ದು ನೋಡಿ ಅಂತ ವಿಶ್ವಾಸಾರ್ಹ ತಯಾರಕರು ಮತ್ತು ಮಾರಾಟಗಾರರ ಪಟ್ಟಿ ಹಾಕಿತು. ಅಮೆಜಾನ್ ಕೂಡ, ಮೂಲ ಖಾತ್ರಿಯಾಗದ ಕನ್ನಡಕ ಕೊಂಡವರಿಗೆ ಬಳಸಬೇಡಿ ಅಂತ ಇಮೇಲ್ ಕಳಿಸಿ ದುಡ್ಡು ವಾಪಸ್ ಮಾಡಿತು.

ಆ ಗ್ರಹಣದ ನಂತರ ನ್ಯೂಯಾರ್ಕಿನ ಕಣ್ಣಾಸ್ಪತ್ರೆಯ ವೈದ್ಯರು ಒಂದು ಪ್ರಕರಣವನ್ನು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಇಪ್ಪತ್ತರ ಹರೆಯದ ಮಹಿಳೆಯೊಬ್ಬರು ಬರಿಗಣ್ಣಲ್ಲಿ ಹಲವು ಸಲ, ಸುಮಾರು 6 ಸೆಕೆಂಡಿನಷ್ಟು ಹೊತ್ತು ಸೂರ್ಯನನ್ನು ನೋಡಿದ್ದರು. ಆಮೇಲೆ ಗ್ರಹಣದ ಕನ್ನಡಕ ಹಾಕಿಕೊಂಡು 15ರಿಂದ 20 ಸೆಕೆಂಡ್ ನೋಡಿದರು. ಕೆಲವು ಗಂಟೆಗಳಲ್ಲಿ ದೃಷ್ಟಿ ಮಸುಕಾಯಿತು, ಎಡಗಣ್ಣಿನ ನಡುವೆ ಕಪ್ಪು ಚುಕ್ಕಿ ಕಾಣಿಸಿತು. ವಿಶೇಷ ಕ್ಯಾಮೆರಾದಲ್ಲಿ ರೆಟಿನಾದ ಜೀವಕೋಶಗಳನ್ನು ನೋಡಿದಾಗ ಹಾನಿಯಾದ ಜಾಗ ಕುಡುಗೋಲಿನ ಆಕಾರದಲ್ಲೇ ಇತ್ತು. ಅಂದು ನ್ಯೂಯಾರ್ಕಿನಲ್ಲಿ ಕಂಡಿದ್ದ ಪಾರ್ಶ್ವ ಗ್ರಹಣದ ಸೂರ್ಯನ ಆಕಾರವೂ ಅದೇ. ಇದರಲ್ಲಿ ಬರಿಗಣ್ಣಿನ ಪಾಲೆಷ್ಟು, ಕನ್ನಡಕದ ಪಾಲೆಷ್ಟು ಅಂತ ಬೇರ್ಪಡಿಸಿ ಹೇಳಲಾಗದು. ಆದರೆ ಎಷ್ಟು ಕಡಿಮೆ ಹೊತ್ತು ಸಾಕಾಯಿತು ಅನ್ನೋದು ಸ್ಪಷ್ಟ.

ಕೈಗೆ ಬಂದ ಕನ್ನಡಕವನ್ನು ಪರೀಕ್ಷಿಸುವುದು

ಈ ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಯಾವುದೇ ಹಂತದಲ್ಲಿ ಅನುಮಾನ ಬಂದರೆ ಕನ್ನಡಕವನ್ನು ಕತ್ತರಿಸಿ ಎಸೆಯಿರಿ, ಇಲ್ಲದಿದ್ದರೆ ಅದು ಇನ್ಯಾರದೋ ಮಗುವಿನ ಕೈ ಸೇರುತ್ತದೆ.

ಮೊದಲು ಓದಿ. ಮಾನದಂಡದ ಸಂಖ್ಯೆ, ತಯಾರಕರ ಹೆಸರು, ವಿಳಾಸ, ಬಳಸುವ ಸೂಚನೆ ಎಲ್ಲ ಇರಬೇಕು. ಬರೀ ಸಂಖ್ಯೆ ಇದ್ದು ತಯಾರಕರ ಸುಳಿವೇ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು.

ಎರಡನೆಯದಾಗಿ, ಫಿಲ್ಟರನ್ನು ಕೈಯಳತೆಯಲ್ಲಿ ಹಿಡಿದು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಡಿ. ಎಲ್ಲಾದರೂ ಸೂಜಿಮೊನೆಯಂಥ ಚುಕ್ಕಿ ಹೊಳೆದರೆ ಅದು ತೂತು. ಗೀರು, ಮಡಿಕೆ, ರಟ್ಟಿನಿಂದ ಬಿಟ್ಟುಕೊಂಡ ಹಾಳೆ ಕಂಡರೂ ತಿರಸ್ಕರಿಸಿ. 2019ರಲ್ಲಿ ಕೊಂಡು ಬೀರುವಿನಲ್ಲಿಟ್ಟ ಕನ್ನಡಕಕ್ಕೂ ಇದೇ ನಿಯಮ. ಒಳ್ಳೆಯ ಮೂಲದಿಂದ ಬಂದು, ಗೀರಿಲ್ಲದೆ ಮಡಿಕೆಯಿಲ್ಲದೆ ಉಳಿದಿದ್ದರೆ ಹಳೆಯದು ಅನ್ನೋ ಒಂದೇ ಕಾರಣಕ್ಕೆ ಎಸೆಯಬೇಕಿಲ್ಲ.

ಮೂರನೆಯದಾಗಿ, ಮನೆಯೊಳಗೆ ಹಾಕಿಕೊಂಡು ನೋಡಿ. ಕಿಟಕಿ, ಗೋಡೆ, ಮುಂದೆ ನಿಂತವರು ಯಾರೂ ಕಾಣಬಾರದು. ಟ್ಯೂಬ್‌ಲೈಟು, ಮನೆಯ ಸಾಮಾನುಗಳ ರೂಪ ಗೊತ್ತಾದರೆ ಅದು ಫಿಲ್ಟರ್ ಅಲ್ಲ. ಹತ್ತಿರದಿಂದ ಬಿಟ್ಟ ಪ್ರಖರ ಎಲ್‌ಇಡಿ ಟಾರ್ಚ್ ಮಾತ್ರ ಮಂಕಾದ ಚುಕ್ಕಿಯಾಗಿ ಕಂಡರೆ ಪರವಾಗಿಲ್ಲ.

ಇವೆಲ್ಲ ದಾಟಿದರೆ ಮಾತ್ರ ಹೊರಗೆ ಬನ್ನಿ. ತಲೆ ತಗ್ಗಿಸಿ ಕನ್ನಡಕ ಹಾಕಿಕೊಂಡು, ಆಮೇಲೆ ತಲೆಯೆತ್ತಿ ಸೂರ್ಯನನ್ನು ಒಂದು ಕ್ಷಣ ನೋಡಿ. ಅಂಚು ಸ್ಪಷ್ಟವಿರುವ ಒಂದು ಪುಟ್ಟ ಬಿಲ್ಲೆ, ಸುತ್ತ ಪೂರ್ತಿ ಕತ್ತಲು, ಇಷ್ಟೇ ಕಾಣಬೇಕು. ಕಣ್ಣು ಕುಕ್ಕಿದರೆ, ಸೂರ್ಯನ ಸುತ್ತ ಮಬ್ಬು ಪ್ರಭೆ ಹರಡಿದ್ದರೆ, ಮೋಡಗಳೂ ಕಂಡರೆ ತಲೆ ತಗ್ಗಿಸಿ, ಕನ್ನಡಕ ತೆಗೆದು ಬದಿಗಿಡಿ. ಈ ಕನ್ನಡಕ ಹಾಕಿಕೊಂಡು ಬೈನಾಕ್ಯುಲರ್ ಅಥವಾ ಟೆಲಿಸ್ಕೋಪಿನಲ್ಲಿ ಇಣುಕುವಂತಿಲ್ಲ. ಮಸೂರ ಒಗ್ಗೂಡಿಸಿದ ಬೆಳಕು ಫಿಲ್ಟರನ್ನೇ ಸುಟ್ಟು ಕಣ್ಣಿಗೆ ಬರುತ್ತದೆ.

ಈ ಪರೀಕ್ಷೆಗಳ ಮಿತಿಯನ್ನು ಮರೆಯಬೇಡಿ. ಇವು ಕೆಟ್ಟದ್ದನ್ನು ಹಿಡಿಯುತ್ತವೆ, ಒಳ್ಳೆಯದನ್ನು ಸಾಬೀತು ಮಾಡುವುದಿಲ್ಲ. ಇನ್‌ಫ್ರಾರೆಡ್, ಅತಿನೇರಳೆ ಎಷ್ಟು ಒಳಬರುತ್ತಿದೆ ಅಂತ ಕಣ್ಣು ಹೇಳಲಾರದು. ರಿಮೋಟಿನ ಪ್ರಯೋಗವೂ ಪೂರ್ತಿ ಹೇಳಲಾರದು, ರಿಮೋಟಿನದ್ದು ಇನ್‌ಫ್ರಾರೆಡ್‌ನ ಒಂದು ಸಣ್ಣ ತುಣುಕು ಮಾತ್ರ. ಅದನ್ನು ಅಳೆಯುವುದು ಪ್ರಯೋಗಾಲಯದ ಕೆಲಸ.

ಕೇಳಬೇಕಾದವರನ್ನು ಕೇಳೋಣ

ಮನೆಯಲ್ಲಿ ಒಬ್ಬರು ಒಂದು ಕನ್ನಡಕ ಕೊಳ್ಳುವಾಗ ತಾರಾಲಯದಿಂದಲೋ ಗೊತ್ತಿರುವ ವಿಜ್ಞಾನ ಸಂಘಟನೆಯಿಂದಲೋ ತಂದರೆ ಆಯಿತು. ಆದರೆ ಒಂದು ಶಾಲೆಗೆ 300 ಕನ್ನಡಕ ಕೊಳ್ಳುವಾಗ, ಪಂಚಾಯಿತಿಯೋ ಸಂಘವೋ ದುಡ್ಡು ಕೊಡುವಾಗ, 'ಯಾರು ಅಗ್ಗಕ್ಕೆ ಕೊಡ್ತಾರೆ' ಅನ್ನೋದೇ ಮೊದಲ ಪ್ರಶ್ನೆಯಾಗುತ್ತದೆ. ಅದರ ಬದಲು ಆ ತಯಾರಿಕೆಯ ಕನ್ನಡಕಕ್ಕೆ ಮಾನ್ಯತೆ ಪಡೆದ ಪ್ರಯೋಗಾಲಯದ ಪರೀಕ್ಷಾ ವರದಿ ಕೇಳಿ. ಅದರಲ್ಲಿ ಮೂರು ಸಾಲು ನೋಡಿದರೆ ಸಾಕು: ಕಾಣುವ ಬೆಳಕು ಶೇ. 0.0032 ಮೀರಬಾರದು, ಅತಿನೇರಳೆ ಅದಕ್ಕಿಂತ ಹೆಚ್ಚಿರಬಾರದು, ಇನ್‌ಫ್ರಾರೆಡ್ ಶೇ. 3 ದಾಟಬಾರದು. ವರದಿಯ ಮೇಲಿನ ತಯಾರಕರ ಹೆಸರೂ ಕನ್ನಡಕದ ಮೇಲಿನ ಹೆಸರೂ ಒಂದೇ ಆಗಿರಬೇಕು.

ವರದಿ ಸಿಗದಿದ್ದರೆ ಗ್ರಹಣ ತಪ್ಪಿಸಿಕೊಳ್ಳಬೇಕಿಲ್ಲ. ಒಂದು ಸಣ್ಣ ಕನ್ನಡಿಗೆ ಕಾಗದ ಅಂಟಿಸಿ, ನಡುವೆ ಅರ್ಧ ಸೆಂಟಿಮೀಟರ್ ತೂತು ಬಿಡಿ. ಹೊರಗಿನ ಬಿಸಿಲಿನಿಂದ ಅದರ ಬೆಳಕನ್ನು ಕತ್ತಲ ಕೋಣೆಯ ಗೋಡೆಗೆ ತಿರುಗಿಸಿ. ಗೋಡೆ 10 ಮೀಟರ್ ದೂರವಿದ್ದರೆ ಸುಮಾರು 9 ಸೆಂಟಿಮೀಟರ್ ಅಗಲದ ಸೂರ್ಯ ಮೂಡುತ್ತಾನೆ. ಇಡೀ ತರಗತಿ ಒಟ್ಟಿಗೆ ನೋಡಬಹುದು. ಕನ್ನಡಿಯೊಳಕ್ಕೆ ಮಾತ್ರ ಯಾರೂ ನೋಡದಂತೆ ಒಬ್ಬರು ಕಾಯಬೇಕು.

2027ರ ಆಗಸ್ಟ್ 2ರ ಸಂಜೆ ನಮ್ಮ ಕಡೆಯೂ ಪಾರ್ಶ್ವ ಗ್ರಹಣ ಕಾಣಲಿದೆ. ಸಂಜೆ ಸೂರ್ಯ, ಚಂದ್ರ ಮುಚ್ಚುವುದೂ ಸ್ವಲ್ಪವೇ, 'ಬರಿಗಣ್ಣಲ್ಲೇ ನೋಡಬಹುದು' ಅಂತ ಹಲವರಿಗೆ ಅನಿಸುತ್ತದೆ. ಆ ದಿನಕ್ಕೂ ಫಿಲ್ಟರ್ ಬೇಕೇ ಬೇಕು. ಮೌಢ್ಯ ಬಿಟ್ಟು ಹೊರಗೆ ಬನ್ನಿ ಅಂತ ಜನರನ್ನು ಕರೆಯುವವರು ನಾವು. ಕರೆದ ಮೇಲೆ ಅವರ ಕೈಗೆ ಕೊಡುವ ಕನ್ನಡಕದ ಹೊಣೆಯೂ ನಮ್ಮದೇ. ಗ್ರಹಣ ನೋಡಿದ ಒಂದು ಮಗುವಿನ ಕಣ್ಣಲ್ಲಿ ಕಲೆ ಉಳಿದರೆ, ಬಾಗಿಲು ಹಾಕಿಕೊಂಡು ಕೂತವರು 'ನಾವು ಹೇಳಿರಲಿಲ್ವಾ' ಅನ್ನುತ್ತಾರೆ. ಆ ಮಾತಿಗೆ ಆಗ ನಮ್ಮ ಬಳಿ ಉತ್ತರ ಇರುವುದಿಲ್ಲ.